ವಿಮಾನ ವಿಳಂಬದ ಬಗ್ಗೆ ಲಿಖಿತ ದೃಢೀಕರಣ ಪತ್ರ ಕೋರಿ ಮನವಿ

ಬೆಂಗಳೂರು
17 ಮಾರ್ಚ್ 2025

ಇವರಿಂದ,
ಸುಮಂತ ರಾಮಕೃಷ್ಣ ಹೆಗಡೆ
ವಿದ್ಯಾರಣ್ಯಪುರ, ಬೆಂಗಳೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
ಪ್ರತಿ: ನಿಲ್ದಾಣ ವ್ಯವಸ್ಥಾಪಕರು, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಬೆಂಗಳೂರು

ವಿಷಯ: 11 ಮಾರ್ಚ್ 2025ರ ದೆಹಲಿ–ಬೆಂಗಳೂರು ವಿಮಾನ 2814ರ ವಿಳಂಬಕ್ಕೆ ಹೊರಟ ಸಮಯ, ತಲುಪಿದ ಸಮಯ ಮತ್ತು ಕಾರಣ ನಮೂದಿಸಿದ ದೃಢೀಕರಣ ಪತ್ರ ಕೊಡುವ ಬಗ್ಗೆ

ಉಲ್ಲೇಖ: ಪಿಎನ್‌ಆರ್ K7RM2Q, ಆಸನ 17 ಸಿ, 14 ಮಾರ್ಚ್‌ರಂದು ನಿಮ್ಮ ಗ್ರಾಹಕ ಸೇವೆಯಿಂದ ಬಂದ ಇಮೇಲ್

ಮಾನ್ಯರೇ,

ಮೇಲಿನ ವಿಮಾನ ದೆಹಲಿಯಿಂದ ಮಂಗಳವಾರ ರಾತ್ರಿ 19:40ಕ್ಕೆ ಹೊರಟು 22:30ಕ್ಕೆ ಬೆಂಗಳೂರು ತಲುಪಬೇಕಿತ್ತು. ಅದು ಗೇಟ್ ಬಿಟ್ಟದ್ದು ಬುಧವಾರ ನಸುಕಿನಲ್ಲಿ. ನನ್ನ ಕೈಗಡಿಯಾರದ ಪ್ರಕಾರ ಪುಷ್‌ಬ್ಯಾಕ್ ಆದಾಗ 01:52, ಬೆಂಗಳೂರಿನಲ್ಲಿ ವಿಮಾನ ನಿಂತು ಬಾಗಿಲು ತೆರೆಯುವ ಹೊತ್ತಿಗೆ 04:40 ಆಗುತ್ತಾ ಬಂದಿತ್ತು. ಈ ವಿಳಂಬವನ್ನು ಲಿಖಿತವಾಗಿ ದೃಢೀಕರಿಸಿಕೊಡಬೇಕೆಂದು ಕೋರುತ್ತೇನೆ. ಪತ್ರ ಎರಡು ಕಡೆ ಬೇಕಾಗಿದೆ: ಪ್ರಯಾಣ ವಿಮೆಯ ಕ್ಲೇಮಿಗೆ, ಮತ್ತು ನಾನು ಕೆಲಸ ಮಾಡುವ ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೆ.

14ರಂದು ಬಂದ ಇಮೇಲ್‌ನಲ್ಲಿ "ನಿಮ್ಮ ವಿಮಾನ ಕಾರ್ಯಾಚರಣೆಯ ಕಾರಣಗಳಿಂದ ತಡವಾಯಿತು, ವಿಷಾದಿಸುತ್ತೇವೆ" ಎಂದಷ್ಟೇ ಇದೆ. ವಿಮಾ ಕಂಪನಿ ಅದನ್ನು ಒಪ್ಪದೆ 15ರಂದು ಹಿಂತಿರುಗಿಸಿದೆ. ಅದರಲ್ಲಿ ಲೆಟರ್‌ಹೆಡ್ ಇಲ್ಲ, ಪ್ರಯಾಣಿಕನ ಹೆಸರಿಲ್ಲ, ಒಂದೇ ಒಂದು ಸಮಯವೂ ಇಲ್ಲ. ಮತ್ತೆ ಅದೇ ಒಕ್ಕಣೆಯ ಪತ್ರ ಬಂದರೆ ಇಬ್ಬರಿಗೂ ಕೆಲಸ ಎರಡಾಗುತ್ತದೆ. ಆದ್ದರಿಂದ ಏನು ಬೇಕು, ಏಕೆ ಬೇಕು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದು ಸಮಯ. ನನ್ನ ಪಾಲಿಸಿಯಲ್ಲಿ ವಿಳಂಬ 6 ಗಂಟೆ ದಾಟಿದರೆ ಮಾತ್ರ ಹಣ ಸಿಗುತ್ತದೆ. ಲೆಕ್ಕ ಹಿಡಿಯುವುದು ನಿಗದಿತ ನಿರ್ಗಮನದಿಂದ ನಿಜವಾದ ನಿರ್ಗಮನದವರೆಗೆ. 19:40ರಿಂದ 01:52 ಎಂದರೆ 6 ಗಂಟೆ 12 ನಿಮಿಷ. ಆದರೆ ನಿಮ್ಮಿಂದ ಬಂದ ಕೊನೆಯ ಎಸ್‌ಎಂಎಸ್‌ನಲ್ಲಿ ಪರಿಷ್ಕೃತ ಸಮಯ 01:35 ಎಂದಿತ್ತು, ಗೇಟಿನ ಪರದೆಯ ಮೇಲೂ ಅದೇ ಉಳಿದಿತ್ತು. ಯಾರಾದರೂ ಆ 01:35ನ್ನೇ ಪತ್ರಕ್ಕೆ ಎತ್ತಿ ಬರೆದರೆ ವಿಳಂಬ 5 ಗಂಟೆ 55 ನಿಮಿಷಕ್ಕೆ ಇಳಿಯುತ್ತದೆ, ಕ್ಲೇಮು ಅಲ್ಲಿಗೇ ಬಿದ್ದುಹೋಗುತ್ತದೆ. ನನ್ನ ಗಡಿಯಾರವನ್ನು ನಂಬಿ ಎಂದು ನಾನು ಕೇಳುತ್ತಿಲ್ಲ. ಅಂದಾಜು ಸಮಯವನ್ನು ಬಿಟ್ಟು, ನಿಮ್ಮ ಕಾರ್ಯಾಚರಣೆ ನಿಯಂತ್ರಣ ಕೇಂದ್ರದ ದಾಖಲೆಯಲ್ಲಿರುವ ಆಫ್-ಬ್ಲಾಕ್ ಮತ್ತು ಆನ್-ಬ್ಲಾಕ್ ಸಮಯಗಳನ್ನು, ಅಂದರೆ ಗೇಟ್ ಬಿಟ್ಟ ಮತ್ತು ಗೇಟ್ ಸೇರಿದ ನಿಮಿಷಗಳನ್ನು, ಇದ್ದಂತೆ ಕೊಡಿ. ನೆಲಬಿಟ್ಟ ಸಮಯವನ್ನೂ ಸೇರಿಸುವುದಾದರೆ ಅದನ್ನು ಪ್ರತ್ಯೇಕವಾಗಿ ಹೆಸರಿಸಿ ಬರೆಯಿರಿ. ಎರಡೂ ಬೆರೆತರೆ ವಿಮಾ ಕಂಪನಿ ಇನ್ನೊಂದು ಪ್ರಶ್ನೆ ಎತ್ತುತ್ತದೆ.

ಸಮಯ ಭಾರತೀಯ ಕಾಲಮಾನದಲ್ಲಿರಲಿ, ಪ್ರತಿ ಸಮಯದ ಪಕ್ಕದಲ್ಲಿ ತಾರೀಖೂ ಇರಲಿ. ಇದು ಸಣ್ಣ ವಿಷಯವಲ್ಲ. ವಿಮಾನದ ದಾಖಲೆಗಳು ಯುಟಿಸಿಯಲ್ಲಿರುತ್ತವೆ. ನಮ್ಮ 12ರ 01:52 ಅಲ್ಲಿ 11ರ 20:22 ಆಗುತ್ತದೆ. ಅದನ್ನು ಹಾಗೇ ನಕಲು ಮಾಡಿದರೆ, 19:40ರ ವಿಮಾನ ಅದೇ ರಾತ್ರಿ ಬರೀ 42 ನಿಮಿಷ ತಡವಾಗಿ ಹೊರಟಂತೆ ಓದುವವರಿಗೆ ಕಾಣುತ್ತದೆ.

ಎರಡನೆಯದು ಕಾರಣ. ಆ ರಾತ್ರಿ ಮೂರು ಕಾರಣಗಳು ಕೇಳಿಬಂದವು: ಎಸ್‌ಎಂಎಸ್‌ನಲ್ಲಿ ಕಾರ್ಯಾಚರಣೆಯ ಕಾರಣ, ಗೇಟಿನ ಪ್ರಕಟಣೆಯಲ್ಲಿ ಒಳಬರುವ ವಿಮಾನದ ವಿಳಂಬ, ಕೌಂಟರ್‌ನಲ್ಲಿ ತಾಂತ್ರಿಕ ದೋಷ. ಪಾಲಿಸಿಯಲ್ಲಿ ಹವಾಮಾನ, ತಾಂತ್ರಿಕ ದೋಷ, ಸಿಬ್ಬಂದಿ ಮುಷ್ಕರ ಎಂದು ಹೆಸರಿಟ್ಟು ಪಟ್ಟಿ ಮಾಡಿದ್ದಾರೆ. "ಕಾರ್ಯಾಚರಣೆಯ ಕಾರಣ" ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ದಾಖಲೆಯಲ್ಲಿ ಈ ಹಾರಾಟಕ್ಕೆ ಹಾಕಿರುವ ಐಎಟಿಎ ವಿಳಂಬ ಸಂಕೇತವನ್ನೂ ಅದರ ಅರ್ಥವನ್ನೂ ಕೊಡಿ. ಅದು 41 ಆಗಿದ್ದರೆ ವಿಮಾನದ ದೋಷ ಎಂದು ಬರೆದರೆ ಸಾಕು, ಯಾವ ಭಾಗ ಕೆಟ್ಟಿತ್ತು ಎಂಬ ವಿವರ ಬೇಡ. 93 ಆಗಿದ್ದರೆ, ಅಂದರೆ ಹಿಂದಿನ ಹಾರಾಟದಿಂದ ವಿಮಾನ ತಡವಾಗಿ ಬಂದದ್ದಾದರೆ, ಆ ಹಿಂದಿನ ಹಾರಾಟ ಏಕೆ ತಡವಾಯಿತು ಎಂಬ ಒಂದು ಸಾಲೂ ಬೇಕು. 93 ಎಂದಷ್ಟೇ ಬರೆದರೆ ಮೂಲ ಕಾರಣ ಮುಚ್ಚಿಯೇ ಉಳಿಯುತ್ತದೆ. ಕಾರಣ ನನ್ನ ಕ್ಲೇಮಿಗೆ ಅನುಕೂಲವಾಗಿರಲಿ, ಇಲ್ಲದಿರಲಿ, ದಾಖಲೆಯಲ್ಲಿ ಇರುವುದನ್ನೇ ಬರೆಯಿರಿ.

ಹೆಸರಿನ ಬಗ್ಗೆಯೂ ಒಂದು ಮಾತು. ಟಿಕೆಟ್‌ನಲ್ಲಿ ನನ್ನ ಹೆಸರು HEGDE/SUMANTH RAMAKRISHNA MR ಎಂದಿದೆ. ಪತ್ರದಲ್ಲೂ ಪೂರ್ತಿ ಹೆಸರು ಇರಲಿ, "ಎಸ್. ಹೆಗಡೆ" ಎಂದು ಕಿರಿದುಗೊಳಿಸಬೇಡಿ. ವಿಮಾ ಕಂಪನಿ ಕೇಳುವುದು ಇಂಗ್ಲಿಷ್ ಪತ್ರವಾದ್ದರಿಂದ ದೃಢೀಕರಣ ಪತ್ರವನ್ನು ಇಂಗ್ಲಿಷಿನಲ್ಲೇ ಕೊಡಬೇಕು. ಅದರ ಒಕ್ಕಣೆ ಈ ಅರ್ಥದಲ್ಲಿದ್ದರೆ ಎರಡೂ ಕಡೆ ನಡೆಯುತ್ತದೆ:

"ಸುಮಂತ ರಾಮಕೃಷ್ಣ ಹೆಗಡೆ (ಪಿಎನ್‌ಆರ್ K7RM2Q) ಅವರು 11 ಮಾರ್ಚ್ 2025ರ ದೆಹಲಿ–ಬೆಂಗಳೂರು ವಿಮಾನ 2814ರಲ್ಲಿ ಪ್ರಯಾಣಿಸಿದ್ದಾರೆ. ನಿಗದಿತ ನಿರ್ಗಮನ 11 ಮಾರ್ಚ್ 19:40. ನಿಜವಾದ ನಿರ್ಗಮನ (ಆಫ್-ಬ್ಲಾಕ್) 12 ಮಾರ್ಚ್ 01:52. ನಿಗದಿತ ಆಗಮನ 11 ಮಾರ್ಚ್ 22:30. ನಿಜವಾದ ಆಗಮನ (ಆನ್-ಬ್ಲಾಕ್) 12 ಮಾರ್ಚ್ 04:38. ಎಲ್ಲವೂ ಭಾರತೀಯ ಕಾಲಮಾನ. ವಿಳಂಬದ ಕಾರಣ: ವಿಮಾನದ ತಾಂತ್ರಿಕ ದೋಷ, ಸಂಕೇತ 41. ಈ ವಿಳಂಬಕ್ಕಾಗಿ ಪ್ರಯಾಣಿಕರಿಗೆ ಉಪಾಹಾರದ ಕೂಪನ್ ಬಿಟ್ಟು ಬೇರೆ ಹಣ ಪಾವತಿಸಿಲ್ಲ."

ಇದರಲ್ಲಿನ ನಿಮಿಷಗಳು ಮತ್ತು ಕಾರಣ ನನ್ನ ತಿಳಿವಳಿಕೆಯವು. ನಿಮ್ಮ ದಾಖಲೆ ಬೇರೆ ಹೇಳಿದರೆ ದಾಖಲೆಯದ್ದೇ ಅಂತಿಮ. ಕೊನೆಯ ವಾಕ್ಯ ಮಾತ್ರ ಬಿಟ್ಟುಹೋಗದಿರಲಿ. ವಿಮಾನ ಸಂಸ್ಥೆಯಿಂದ ಬಂದ ಹಣವನ್ನು ಕ್ಲೇಮಿನಲ್ಲಿ ಕಳೆಯುತ್ತಾರೆ, ಹಾಗಾಗಿ ಏನೂ ಬಂದಿಲ್ಲ ಎಂಬುದಕ್ಕೂ ಲಿಖಿತ ಆಧಾರ ಕೇಳುತ್ತಾರೆ. ಪತ್ರ ಲೆಟರ್‌ಹೆಡ್‌ನಲ್ಲಿದ್ದು, ಅಧಿಕೃತ ಸಹಿ, ಹುದ್ದೆ, ತಾರೀಖು ಇರಬೇಕು. ಬುಕಿಂಗ್‌ನಲ್ಲಿರುವ ನನ್ನ ಇಮೇಲ್‌ಗೆ ಪಿಡಿಎಫ್ ಕಳಿಸಿದರೆ ಸಾಕು, ಅಂಚೆಯ ಅಗತ್ಯವಿಲ್ಲ.

ಕಾರ್ಖಾನೆಗೆ ಬೇಕಾದದ್ದು ಆಗಮನದ ಸಮಯ. 12ರ ಬೆಳಗಿನ 6 ಗಂಟೆಯ ಪಾಳಿಗೆ ನಾನು ಪೀಣ್ಯದಲ್ಲಿರಬೇಕಿತ್ತು. ಪತ್ರ ಸಲ್ಲಿಸದಿದ್ದರೆ ಅರ್ಧ ದಿನದ ರಜೆ ಕಡಿತವಾಗುತ್ತದೆ, ರಾತ್ರಿ ಟ್ಯಾಕ್ಸಿಯ ಬಿಲ್ಲೂ ಪಾಸಾಗುವುದಿಲ್ಲ.

ಈ ಪತ್ರದ ಮೂಲಕ ನಾನು ನಿಮ್ಮಿಂದ ಪರಿಹಾರ ಕೇಳುತ್ತಿಲ್ಲ. ಡಿಜಿಸಿಎ ನಿಯಮಾವಳಿಯಲ್ಲಿ (ವಿಭಾಗ 3, ಸರಣಿ ಎಂ, ಭಾಗ 4) 6 ಗಂಟೆ ಮೀರಿದ ವಿಳಂಬಕ್ಕೆ ಹೋಟೆಲ್ ವಸತಿ ಇರುವುದು ರಾತ್ರಿ 8ರಿಂದ ನಸುಕಿನ 3ರ ನಡುವೆ ಹೊರಡಬೇಕಿದ್ದ ವಿಮಾನಗಳಿಗೆ. ನಮ್ಮದು 19:40ರದ್ದು, ಅದು ನನಗೆ ಗೊತ್ತಿದೆ. ಉಪಾಹಾರ ಕೊಟ್ಟಿದ್ದೀರಿ, ಅದಕ್ಕೆ ತಕರಾರಿಲ್ಲ. ದೃಢೀಕರಣ ಪತ್ರ ಕೊಟ್ಟರೆ ನಿಮ್ಮ ಮೇಲೆ ಹೊಸ ಹೊಣೆ ಬರುತ್ತದೆಂಬ ಅಳುಕು ಬೇಡ.

ಕಾರ್ಖಾನೆಯ ಮಾರ್ಚ್ ತಿಂಗಳ ಪ್ರಯಾಣ ಭತ್ಯೆಯ ಬಿಲ್ಲು 31ಕ್ಕೆ ಮುಚ್ಚುತ್ತದೆ, ವಿಮಾ ಕಂಪನಿ ಕೊಟ್ಟ ಗಡುವು 10 ಏಪ್ರಿಲ್. ಆದ್ದರಿಂದ 26 ಮಾರ್ಚ್‌ರ ಒಳಗೆ ಪತ್ರ ಕಳಿಸಬೇಕಾಗಿ ವಿನಂತಿ. ಅಷ್ಟರೊಳಗೆ ಬಾರದಿದ್ದರೆ 27ರಂದು ಇದೇ ಮನವಿಯನ್ನು ನಿಮ್ಮ ನೋಡಲ್ ಅಧಿಕಾರಿಗೆ ಕಳಿಸಿ, ಏರ್‌ಸೇವಾದಲ್ಲೂ ದಾಖಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುಮಂತ ರಾಮಕೃಷ್ಣ ಹೆಗಡೆ

ಲಗತ್ತುಗಳು: ಬೋರ್ಡಿಂಗ್ ಪಾಸ್‌ನ ಪ್ರತಿ; ಟಿಕೆಟ್ ಮತ್ತು ಹಣ ಪಾವತಿಯ ರಸೀದಿ; ವಿಳಂಬ ತಿಳಿಸಿದ ನಾಲ್ಕು ಎಸ್‌ಎಂಎಸ್‌ಗಳ ಸ್ಕ್ರೀನ್‌ಶಾಟ್; ಗೇಟಿನ ಪರದೆಯ ಫೋಟೋ; ವಿಮಾ ಕಂಪನಿಯ 15 ಮಾರ್ಚ್‌ರ ಪತ್ರ.