ನಿಮ್ಮ ಹೊಸ ಕುರ್ಚಿಯ ಬಗ್ಗೆ ನಾಲ್ಕು ನಿಮಿಷದ ಸಮೀಕ್ಷೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ನೀವು ನಮ್ಮಲ್ಲಿ ಕೊಂಡ ಕುರ್ಚಿ ನಿಮ್ಮ ಮನೆ ಸೇರಿ ಇಂದಿಗೆ ಮೂರು ವಾರಗಳಾದವು. ಪೆಟ್ಟಿಗೆ ಬಿಚ್ಚಿ, ಬಿಡಿಭಾಗಗಳನ್ನು ನೀವೇ ಜೋಡಿಸಿ, ಇಷ್ಟು ದಿನ ಅದರಲ್ಲಿ ಕುಳಿತು ಕೆಲಸ ಮಾಡಿರುವುದರಿಂದ ಅದರ ಅನುಕೂಲ ಯಾವುದು, ಕೊರತೆ ಯಾವುದು ಎಂಬುದು ಈಗ ನಮಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ದಯವಿಟ್ಟು ನಮಗೂ ತಿಳಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ.

ಸಮೀಕ್ಷೆಯಲ್ಲಿ ಒಟ್ಟು 8 ಪ್ರಶ್ನೆಗಳಿವೆ. ಉತ್ತರಿಸಲು ಸುಮಾರು 4 ನಿಮಿಷ ಬೇಕಾಗುತ್ತದೆ. ಆರು ಪ್ರಶ್ನೆಗಳಿಗೆ ಕೊಟ್ಟಿರುವ ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಸಾಕು, ಉಳಿದ ಎರಡಕ್ಕೆ ನಿಮ್ಮದೇ ಮಾತಿನಲ್ಲಿ ಬರೆಯಬಹುದು. ಬರೆಯಲು ಬಿಡುವಿಲ್ಲದಿದ್ದರೆ ಅವೆರಡನ್ನು ಖಾಲಿ ಬಿಟ್ಟು ಮುಂದೆ ಹೋಗಿ. ಮೊಬೈಲ್‌ನಲ್ಲೇ ಉತ್ತರಿಸಬಹುದು, ಲಾಗಿನ್ ಆಗುವ ಅಗತ್ಯವಿಲ್ಲ.

ನಿಮ್ಮ ಸಮಯಕ್ಕೆ ಕೃತಜ್ಞತೆಯಾಗಿ, ಮುಂದಿನ ಖರೀದಿಗೆ ಶೇ. 10ರಷ್ಟು ರಿಯಾಯಿತಿಯ ಕೂಪನ್ ಅನ್ನು ಸಮೀಕ್ಷೆ ಮುಗಿಸಿದ ದಿನವೇ ಇಮೇಲ್ ಮೂಲಕ ಕಳುಹಿಸುತ್ತೇವೆ. ಅದನ್ನು 6 ತಿಂಗಳೊಳಗೆ ಯಾವಾಗ ಬೇಕಾದರೂ ಬಳಸಬಹುದು. ಕನಿಷ್ಠ ಇಷ್ಟು ಮೊತ್ತದ ವಸ್ತು ಕೊಳ್ಳಲೇಬೇಕೆಂಬ ಷರತ್ತಿಲ್ಲ. ನೀವು ಕುರ್ಚಿಯನ್ನು ಮೆಚ್ಚಿ ಬರೆದರೂ, ನಿರಾಸೆಯಾಯಿತೆಂದು ಬರೆದರೂ ಕೂಪನ್ ಒಂದೇ. ಹೊಗಳಿಕೆಗೆ ಬಹುಮಾನ ಕೊಡುವುದು ನಮ್ಮ ಉದ್ದೇಶವಲ್ಲ.

ಮೂರು ವಾರ ಕಾದು ಕೇಳುವುದಕ್ಕೂ ಕಾರಣವಿದೆ. ಪೆಟ್ಟಿಗೆ ತಲುಪಿದ ದಿನವೇ ಕೇಳಿದ್ದರೆ ಕುರ್ಚಿಯ ಬಣ್ಣ ಮತ್ತು ಪ್ಯಾಕಿಂಗ್ ಬಗ್ಗೆ ಮಾತ್ರ ನೀವು ಹೇಳಬಹುದಿತ್ತು. ತಿಂಗಳುಗಳ ನಂತರ ಕೇಳಿದರೆ ಜೋಡಿಸುವಾಗ ಎಲ್ಲಿ ತೊಡಕಾಯಿತು ಎಂಬುದು ನೆನಪಿನಿಂದ ಜಾರಿರುತ್ತದೆ. ಕುಳಿತು ಬಳಸಿದ ಅನುಭವ, ಜೋಡಿಸಿದಾಗಿನ ನೆನಪು, ನಮಗೆ ಎರಡೂ ಬೇಕು.

ಹಿಂದಿನ ಸಮೀಕ್ಷೆಯಿಂದ ಆದ ಒಂದು ಬದಲಾವಣೆಯನ್ನು ಇಲ್ಲಿ ಹೇಳಲೇಬೇಕು. ಕೈಯಾಸರೆಗೆ ಹಾಕುವ ಸ್ಕ್ರೂಗಳನ್ನೂ ಬೆನ್ನೊರಗಿಗೆ ಹಾಕುವ ಸ್ಕ್ರೂಗಳನ್ನೂ ನಾವು ಆಗ ಒಂದೇ ಚೀಲದಲ್ಲಿ ಇಡುತ್ತಿದ್ದೆವು. ನೋಡಲು ಎರಡೂ ಒಂದೇ ಥರ, ಉದ್ದದಲ್ಲಿ ಮಾತ್ರ ಕೊಂಚ ವ್ಯತ್ಯಾಸ. ಉದ್ದದ ಸ್ಕ್ರೂ ತಪ್ಪಿ ಕೈಯಾಸರೆಗೆ ಹೋದರೆ ತುದಿ ಒಳಗೆ ತಾಗಿ ನಿಂತುಬಿಡುತ್ತಿತ್ತು; ಎಷ್ಟು ಬಿಗಿ ಮಾಡಿದರೂ ಕೈಯಾಸರೆ ಅಲ್ಲಾಡುತ್ತಲೇ ಇರುತ್ತಿತ್ತು. ಗ್ರಾಹಕರೊಬ್ಬರು ಎರಡು ಸ್ಕ್ರೂಗಳನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟಾಗ ಕಂಡದ್ದನ್ನು ವಿವರವಾಗಿ ಬರೆದು ತಿಳಿಸಿದ ಮೇಲೆಯೇ ದೂರಿನ ಮೂಲ ನಮಗೆ ಅರ್ಥವಾದದ್ದು. ಈಗ ಅವು ಬೇರೆ ಬೇರೆ ಚೀಲಗಳಲ್ಲಿ ಬರುತ್ತವೆ, ಮತ್ತು ಜೋಡಣೆಯ ಹಾಳೆಯಲ್ಲಿ ಪ್ರತಿ ಸ್ಕ್ರೂವಿನ ಚಿತ್ರವನ್ನು ಅದರ ನಿಜವಾದ ಅಳತೆಯಲ್ಲೇ ಮುದ್ರಿಸಿದ್ದೇವೆ. ನಿಮಗೆ ಬಂದ ಪೆಟ್ಟಿಗೆಯಲ್ಲಿದ್ದದ್ದು ಈ ಹೊಸ ಹಾಳೆಯೇ. ಅದು ನಿಜಕ್ಕೂ ಉಪಯೋಗಕ್ಕೆ ಬಂತೇ ಎಂಬುದು ನಮ್ಮ ಮೂರನೆಯ ಪ್ರಶ್ನೆ.

ಆದ್ದರಿಂದ ಬರೆಯುವಾಗ ಸಂಕೋಚ ಬೇಡ. "ಚೆನ್ನಾಗಿದೆ" ಎಂಬ ಮಾತು ಸಂತೋಷ ಕೊಡುತ್ತದೆ, ಆದರೆ "ಸಂಜೆಯ ಹೊತ್ತಿಗೆ ಸೊಂಟದ ಹತ್ತಿರ ಒತ್ತುತ್ತದೆ" ಎಂಬ ಒಂದು ಸಾಲು ಸಿಕ್ಕರೆ ಮುಂದಿನ ಕುರ್ಚಿಯಲ್ಲಿ ಏನನ್ನು ತಿದ್ದಬೇಕೆಂದು ನಮಗೆ ತಿಳಿಯುತ್ತದೆ.

ನಿಮ್ಮ ಉತ್ತರಗಳೊಂದಿಗೆ ಹೆಸರನ್ನಾಗಲಿ ಆರ್ಡರ್ ಸಂಖ್ಯೆಯನ್ನಾಗಲಿ ಇಟ್ಟುಕೊಳ್ಳುವುದಿಲ್ಲ. ಕೂಪನ್ ಕಳುಹಿಸಲು ಕೊನೆಯಲ್ಲಿ ಕೇಳುವ ಇಮೇಲ್ ವಿಳಾಸವನ್ನು ಉತ್ತರಗಳಿಂದ ಬೇರೆಯಾಗಿಯೇ ಉಳಿಸಿ, ಕೂಪನ್ ತಲುಪಿದ ನಂತರ ಅಳಿಸಿಹಾಕುತ್ತೇವೆ. ನಿಮ್ಮ ಮಾತುಗಳನ್ನು ಜಾಹೀರಾತಿನಲ್ಲಿ ಬಳಸುವುದಿಲ್ಲ.

ಒಂದು ಮುಖ್ಯ ವಿಷಯ: ಯಾವುದಾದರೂ ಭಾಗ ಮುರಿದಿದ್ದರೆ, ಪೆಟ್ಟಿಗೆಯಲ್ಲಿ ಬರದೇ ಇದ್ದರೆ ಅಥವಾ ಕುರ್ಚಿ ಕುಳಿತಾಗ ತಾನಾಗಿ ಕೆಳಗಿಳಿಯುತ್ತಿದ್ದರೆ ಅದನ್ನು ಸಮೀಕ್ಷೆಯಲ್ಲಿ ಬರೆದು ಕಾಯಬೇಡಿ. ಸಮೀಕ್ಷೆಯ ಉತ್ತರಗಳನ್ನು ನಾವು ವಾರಕ್ಕೊಮ್ಮೆ ಮಾತ್ರ ಓದುತ್ತೇವೆ, ಮತ್ತು ಅವು ಯಾರವೆಂದು ನಮಗೆ ತಿಳಿಯುವುದೂ ಇಲ್ಲ. ಅಂಥ ತೊಂದರೆ ಇದ್ದಲ್ಲಿ ಈ ಪತ್ರಕ್ಕೇ ನೇರವಾಗಿ ಮರುತ್ತರ ಬರೆಯಿರಿ. ಬದಲಿ ಭಾಗದ ವ್ಯವಸ್ಥೆ ಮಾಡುತ್ತೇವೆ.

ಸಮೀಕ್ಷೆ ಇಂದಿನಿಂದ 10 ದಿನ ತೆರೆದಿರುತ್ತದೆ. ಐದನೆಯ ದಿನ ಎಲ್ಲರಿಗೂ ಒಂದು ನೆನಪೋಲೆ ಬರುತ್ತದೆ, ಅದರ ನಂತರ ಮತ್ತೆ ಬರೆದು ತೊಂದರೆ ಕೊಡುವುದಿಲ್ಲ. ಈ ಪತ್ರದ ಕೊನೆಯಲ್ಲಿರುವ "ಸಮೀಕ್ಷೆ ಆರಂಭಿಸಿ" ಎಂಬ ಗುಂಡಿಯನ್ನು ಒತ್ತಿದರೆ ಮೊದಲ ಪ್ರಶ್ನೆ ತೆರೆದುಕೊಳ್ಳುತ್ತದೆ.

ವಂದನೆಗಳೊಂದಿಗೆ,
ಗ್ರಾಹಕ ಸೇವಾ ವಿಭಾಗ

ಸಮೀಕ್ಷೆ ಆರಂಭಿಸಿ