ಬಂಡೆಯ ತುದಿಯಿಂದ ಕಾಣುವ ಎರಡು ಹಡಗುಗಳು: ಅವನತ ಕೋನದ ಲೆಕ್ಕಗಳು

ಸಮುದ್ರದ ಅಂಚಿನಲ್ಲಿ ನೆಟ್ಟಗೆ ನಿಂತ ಬಂಡೆಯ ತುದಿಯಲ್ಲಿರುವ ವೀಕ್ಷಕನು ಕೆಳಗಿನ ಹಡಗನ್ನು ನೋಡುವಾಗ, ಅವನ ದೃಷ್ಟಿರೇಖೆಯು ಕಣ್ಣಿನ ಮಟ್ಟದ ಕ್ಷಿತಿಜೀಯ ರೇಖೆಯೊಂದಿಗೆ ಉಂಟುಮಾಡುವ ಕೋನವೇ ಅವನತ ಕೋನ. ಈ ಕೋನವನ್ನು ಯಾವಾಗಲೂ ಕ್ಷಿತಿಜೀಯ ರೇಖೆಯಿಂದ ಅಳೆಯಬೇಕೇ ಹೊರತು ಬಂಡೆಯ ಲಂಬ ಗೋಡೆಯಿಂದಲ್ಲ. ಚಿತ್ರ ಬರೆಯುವಾಗ ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಬಂಡೆಯ ಗೋಡೆ ಕಣ್ಣಿಗೆ ಎದ್ದು ಕಾಣುವುದರಿಂದ ಕೋನವನ್ನು ಅದಕ್ಕೇ ಅಂಟಿಸಿಬಿಡುತ್ತಾರೆ. ಆಗ 30° ಇರಬೇಕಾದಲ್ಲಿ 60° ಬಂದು ಕೂರುತ್ತದೆ. ಆದ್ದರಿಂದ ಬಂಡೆಯ ತುದಿ A ಬಿಂದುವಿನಿಂದ ಸಮುದ್ರಮಟ್ಟಕ್ಕೆ ಸಮಾನಾಂತರವಾಗಿ AX ಎಂಬ ಚುಕ್ಕೆ ಗೆರೆಯನ್ನು ಮೊದಲು ಎಳೆದುಕೊಳ್ಳುವುದು ಒಳ್ಳೆಯದು. AX ಮತ್ತು ಸಮುದ್ರಮಟ್ಟ ಸಮಾನಾಂತರವಾಗಿರುವುದರಿಂದ, ಪರ್ಯಾಯ ಕೋನಗಳ ನಿಯಮದಂತೆ ತುದಿಯಲ್ಲಿನ ಅವನತ ಕೋನವು ಹಡಗಿನಿಂದ ತುದಿಯನ್ನು ನೋಡುವ ಉನ್ನತ ಕೋನಕ್ಕೆ ಸಮವಾಗುತ್ತದೆ. ಇದರಿಂದ ಕೋನವು ಲಂಬಕೋನ ತ್ರಿಭುಜದ ಒಳಗೆ ಬಂದು, ಲೆಕ್ಕ ಮಾಡಲು ಯೋಗ್ಯವಾಗುತ್ತದೆ.

ಲೆಕ್ಕ 1. ಸಮುದ್ರಮಟ್ಟದಿಂದ 90 ಮೀಟರ್ ಎತ್ತರದ ಬಂಡೆಯ ತುದಿಯಿಂದ, ಬಂಡೆಯ ಬುಡದ ಕಡೆಗೆ ಒಂದೇ ಸರಳರೇಖೆಯಲ್ಲಿ ಒಂದರ ಹಿಂದೊಂದು ಬರುತ್ತಿರುವ ಎರಡು ಹಡಗುಗಳ ಅವನತ ಕೋನಗಳು 60° ಮತ್ತು 30° ಆಗಿವೆ. ಹಡಗುಗಳ ನಡುವಿನ ದೂರವೆಷ್ಟು?

ಬಂಡೆಯ ಬುಡ B, ಹತ್ತಿರದ ಹಡಗು C, ದೂರದ ಹಡಗು D ಆಗಿರಲಿ. ಹಡಗು ಬುಡಕ್ಕೆ ಹತ್ತಿರವಾದಷ್ಟೂ ನೋಟ ಹೆಚ್ಚು ಕೆಳಕ್ಕೆ ಬಾಗುವುದರಿಂದ 60° ಹತ್ತಿರದ ಹಡಗಿನದು, 30° ದೂರದ ಹಡಗಿನದು. ಎತ್ತರ ಅಭಿಮುಖ ಬಾಹು, ನೀರಿನ ಮೇಲಿನ ದೂರ ಪಾರ್ಶ್ವ ಬಾಹು. ವಿಕರ್ಣ ಇಲ್ಲಿ ಬೇಕಿಲ್ಲವಾದ್ದರಿಂದ ಬಳಸಬೇಕಾದ ಅನುಪಾತ ಟ್ಯಾನ್.

tan 60° = AB/BC, ಆದ್ದರಿಂದ BC = 90/√3 = 30√3 ಮೀ
tan 30° = AB/BD, ಆದ್ದರಿಂದ BD = 90 × √3 = 90√3 ಮೀ
CD = BD − BC = 60√3 ≈ 103.9 ಮೀ

ಇಲ್ಲಿ ಕಳೆಯಬೇಕಾದದ್ದು ದೂರಗಳನ್ನು, ಕೋನಗಳನ್ನಲ್ಲ. 60° ಯಿಂದ 30° ಕಳೆದು tan 30° ಬಳಸಿದರೆ ಉತ್ತರ ತಪ್ಪುವುದೇಕೆ ಎಂಬುದನ್ನು ಇದೇ ಹಡಗುಗಳು ತೋರಿಸಿಕೊಡುತ್ತವೆ. ಅವು ಒಂದೇ ವೇಗದಲ್ಲಿ, ನಡುವಿನ 60√3 ಮೀಟರ್ ಅಂತರವನ್ನು ಕಾಯ್ದುಕೊಂಡು ಬರುತ್ತಿವೆ ಎಂದಿಟ್ಟುಕೊಳ್ಳೋಣ. ಮುಂದಿನ ಹಡಗು ಬುಡದಿಂದ 90√3 ಮೀಟರ್ ದೂರದಲ್ಲಿದ್ದಾಗ ಅದರ ಅವನತ ಕೋನ 30° ಇತ್ತು. ಆಗ ಹಿಂದಿನದು 150√3 ಮೀಟರ್ ದೂರದಲ್ಲಿತ್ತು, ಅದರ ಟ್ಯಾನ್ ಬೆಲೆ 90/(150√3) ≈ 0.3464, ಅಂದರೆ ಕೋನ ಸುಮಾರು 19.1°. ಕೋನಗಳ ವ್ಯತ್ಯಾಸ ಆಗ ಕೇವಲ 10.9° ಇದ್ದದ್ದು ಈಗ 30° ಆಗಿದೆ, ಹಡಗುಗಳ ಅಂತರ ಮಾತ್ರ ಒಂದಿಷ್ಟೂ ಬದಲಾಗಿಲ್ಲ. ಹಾಗಾಗಿ ವ್ಯತ್ಯಾಸವೊಂದನ್ನೇ ನೋಡಿ ಅಂತರವನ್ನು ಹೇಳಲಾಗದು.

ಹಿಂದಿನ ಹಡಗು D ಯಿಂದ C ಇದ್ದ ಸ್ಥಳಕ್ಕೆ ಬರಲು 30 ಸೆಕೆಂಡು ತೆಗೆದುಕೊಂಡರೆ, ಅದರ ವೇಗ 103.9/30 ≈ 3.46 ಮೀ/ಸೆ, ಅಂದರೆ ಗಂಟೆಗೆ ಸುಮಾರು 12.5 ಕಿಲೋಮೀಟರ್.

ಲೆಕ್ಕ 2. ಬಂಡೆಯ ಎತ್ತರ ತಿಳಿದಿಲ್ಲ. ಅದರ ಬುಡದೊಂದಿಗೆ ಒಂದೇ ರೇಖೆಯಲ್ಲಿ, ಒಂದೇ ಬದಿಯಲ್ಲಿ, ಪರಸ್ಪರ 100 ಮೀಟರ್ ದೂರದಲ್ಲಿರುವ ಎರಡು ಹಡಗುಗಳು ತುದಿಯಿಂದ 45° ಮತ್ತು 30° ಅವನತ ಕೋನಗಳಲ್ಲಿ ಕಾಣುತ್ತವೆ. ಎತ್ತರವೆಷ್ಟು?

ಎತ್ತರ h ಆಗಿರಲಿ. tan 45° = 1 ಆದ್ದರಿಂದ ಹತ್ತಿರದ ಹಡಗು ಬುಡದಿಂದ h ಮೀಟರ್ ದೂರದಲ್ಲಿಯೇ ಇದೆ; ದೂರದ ಹಡಗು h√3 ಮೀಟರ್ ದೂರದಲ್ಲಿದೆ.

h√3 − h = 100
h = 100/(√3 − 1) = 50(√3 + 1) ≈ 136.6 ಮೀ

ಛೇದವನ್ನು ಅಕರಣಿಗೊಳಿಸಲು ಅಂಶ ಮತ್ತು ಛೇದ ಎರಡನ್ನೂ (√3 + 1) ರಿಂದ ಗುಣಿಸಿದ್ದೇವೆ. ಮೊದಲೇ √3 ಕ್ಕೆ 1.73 ಎಂದು ಬರೆದುಬಿಟ್ಟರೆ ಛೇದದ ಸಣ್ಣ ಸಂಖ್ಯೆಯಲ್ಲಿನ ಅಲ್ಪ ದೋಷ ಉತ್ತರದಲ್ಲಿ ದೊಡ್ಡದಾಗಿ, ಎತ್ತರ 137.0 ಎಂದು ಬರುತ್ತದೆ. ದಶಮಾಂಶಕ್ಕೆ ಕೊನೆಯ ಹಂತದಲ್ಲಷ್ಟೇ ಇಳಿಯುವುದು ಲೇಸು.

ಲೆಕ್ಕ 3. ಕೋನಗಳು ಪರಿಚಿತ ಬೆಲೆಗಳಾಗಿರಬೇಕೆಂದೇನೂ ಇಲ್ಲ. 118.4 ಮೀಟರ್ ಎತ್ತರದ ಬಂಡೆಯ ಮೇಲೆ ನಿಂತವನ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ. ಅವನಿಗೆ ಒಂದೇ ರೇಖೆಯಲ್ಲಿರುವ ಎರಡು ಹಡಗುಗಳು 25° ಮತ್ತು 18° ಅವನತ ಕೋನಗಳಲ್ಲಿ ಕಾಣುತ್ತವೆ. ಲೆಕ್ಕಕ್ಕೆ ಬೇಕಾದ ಎತ್ತರ 120 ಮೀಟರ್, ಏಕೆಂದರೆ ದೃಷ್ಟಿರೇಖೆ ಹೊರಡುವುದು ಕಣ್ಣಿನಿಂದ.

ಹತ್ತಿರದ ಹಡಗಿನ ದೂರ = 120/0.4663 ≈ 257.3 ಮೀ
ದೂರದ ಹಡಗಿನ ದೂರ = 120/0.3249 ≈ 369.3 ಮೀ
ನಡುವಿನ ಅಂತರ ≈ 112.0 ಮೀ

ಈ ಎಲ್ಲ ಲೆಕ್ಕಗಳಲ್ಲಿ ಸಮುದ್ರದ ಮೇಲ್ಮೈಯನ್ನು ಸಮತಟ್ಟೆಂದು ಭಾವಿಸಲಾಗಿದೆ. 370 ಮೀಟರ್ ದೂರದಲ್ಲಿ ಭೂಮಿಯ ಬಾಗುವಿಕೆಯಿಂದ ನೀರಿನ ಮಟ್ಟ ತಗ್ಗುವುದು ಸುಮಾರು 1 ಸೆಂಟಿಮೀಟರಿನಷ್ಟೇ ಆದ್ದರಿಂದ ಅದನ್ನು ಕಡೆಗಣಿಸಬಹುದು. ಹಡಗುಗಳು ಬಂಡೆಯ ಎರಡೂ ಬದಿಗಳಲ್ಲಿ ಇದ್ದರೆ, ಅಂದರೆ ಬಂಡೆಯು ನಡುನೀರಿನಲ್ಲಿದ್ದರೆ, ದೂರಗಳನ್ನು ಕಳೆಯುವ ಬದಲು ಕೂಡಬೇಕು. ಲೆಕ್ಕ 1 ರ ಅಂಕಿಗಳಿಗೆ ಆಗ ದೊರೆಯುವ ಉತ್ತರ 120√3, ಅಂದರೆ ಸುಮಾರು 207.8 ಮೀಟರ್.