ಕಾಫಿ ಕಣದಲ್ಲಿ ಒಂದು ಸಾಧನೆ: ಬೆಸ ಸಂಖ್ಯೆಗಳನ್ನು ಕೂಡಿದರೆ n² ಯಾಕೆ ಬರುತ್ತದೆ?

ಡಿಸೆಂಬರ್‌ನಲ್ಲಿ ಸೋಮವಾರಪೇಟೆ ಕಡೆ ಯಾವ ತೋಟದ ಮನೆಗೆ ಹೋದರೂ ಕಣದ ತುಂಬ ಕಾಫಿ ಹರಡಿರುತ್ತದೆ. ಸಂಜೆ ನನ್ನ ಹತ್ತಿರ ಲೆಕ್ಕ ಕಲಿಯಲು ಬರುವ ಫಸ್ಟ್ ಪಿಯುಸಿ ಮಕ್ಕಳನ್ನು ಹೋದ ವಾರ ಬೋರ್ಡ್ ಮುಂದೆ ಕೂರಿಸಲಿಲ್ಲ. ಸೀದಾ ಕಣಕ್ಕೆ ಕರೆದುಕೊಂಡು ಹೋದೆ. ಕುಯ್ಲಿನ ಕೆಲಸ ಇದ್ದು ಬರಲಾಗದ ಮಕ್ಕಳಿಗಾಗಿ ಆ ಪಾಠವನ್ನು ಪೂರ್ತಿ ಬರೆಯುತ್ತಿದ್ದೇನೆ. 25 ಕಾಫಿ ಹಣ್ಣು ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ಒಂದು ಹಣ್ಣು ಇಡಿ. ಅದರ ಬಲಕ್ಕೆ ಒಂದು, ಕೆಳಗೆ ಒಂದು, ಮೂಲೆಗೆ ಒಂದು. ಮೂರು ಹಣ್ಣು ಸೇರಿತು, 2 ಸಾಲು 2 ಕಂಬದ ಚೌಕ ಆಯಿತು. ಈಗ ಈ ಚೌಕದ ಬಲಕ್ಕೆ 2, ಕೆಳಗೆ 2, ಮೂಲೆಗೆ 1. ಐದು ಸೇರಿತು, 3 ಸಾಲಿನ ಚೌಕ ಆಯಿತು. ಮುಂದಿನ ಸಲ ಬಲಕ್ಕೆ 3, ಕೆಳಗೆ 3, ಮೂಲೆಗೆ 1, ಒಟ್ಟು ಏಳು. ಸೇರಿಸುತ್ತಿರುವುದೆಲ್ಲ ಬೆಸ ಸಂಖ್ಯೆ, ಸಿಗುತ್ತಿರುವುದೆಲ್ಲ ಚೌಕ.

1 = 1²
1 + 3 = 4 = 2²
1 + 3 + 5 = 9 = 3²
1 + 3 + 5 + 7 = 16 = 4²

ಇದನ್ನೇ ಒಂದು ಸಾಲಲ್ಲಿ ಬರೆಯೋಣ. ಮೊದಲ ಬೆಸ ಸಂಖ್ಯೆ 1, ಆಮೇಲೆ ಪ್ರತಿ ಸಲ 2 ಜಾಸ್ತಿ ಆಗುತ್ತದೆ. ಹಾಗಾಗಿ n ನೇ ಬೆಸ ಸಂಖ್ಯೆ 2n − 1. ಹತ್ತನೆಯದು 19, ಎಣಿಸಿ ನೋಡಿ. ನಾವು ಸಾಧಿಸಬೇಕಾದ್ದು ಇದು:

1 + 3 + 5 + … + (2n − 1) = n²

ಇಲ್ಲಿ n ಎಂದರೆ 1, 2, 3… ಯಾವುದಾದರೂ ಆಗಬಹುದು.

ನಾಲ್ಕು ಸಲ ಸರಿ ಬಂತಲ್ಲ, ಇನ್ನೊಂದು ಹತ್ತು ಸಲ ನೋಡಿ ಮುಗಿಸಿದರೆ ಸಾಲದೇ ಎಂದು ಒಬ್ಬ ಹುಡುಗ ಕೇಳಿದ. ಸಾಲದು. n² + n + 41 ತೆಗೆದುಕೊಳ್ಳಿ. ಇದು ಗಣಿತಜ್ಞ ಆಯ್ಲರ್ ಹೆಸರಿನಲ್ಲಿ ಪ್ರಸಿದ್ಧ. n ಗೆ 0 ಹಾಕಿದರೆ 41, 1 ಹಾಕಿದರೆ 43, 2 ಹಾಕಿದರೆ 47. ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ. ಹೀಗೆ n = 39 ರವರೆಗೂ ಒಂದೂ ತಪ್ಪುವುದಿಲ್ಲ. ಆದರೆ n = 40 ಹಾಕಿದರೆ 1681 ಬರುತ್ತದೆ, ಅದು 41 × 41. ನಲವತ್ತು ಸಲ ಸರಿ ಬಂದದ್ದು ನಲವತ್ತೊಂದನೇ ಸಲ ಕೈಕೊಟ್ಟಿತು. ಎಷ್ಟೇ ಸಲ ನೋಡಿದರೂ ನೋಡದೇ ಉಳಿದವು ಲೆಕ್ಕವಿಲ್ಲದಷ್ಟು ಇರುತ್ತವೆ.

ಹಾಗಾದರೆ ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿಯುವುದು ಹೇಗೆ? ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು ಕುಯ್ಯಲು ಬಿದಿರಿನ ಏಣಿ ಒರಗಿಸುತ್ತಾರಲ್ವಾ, ಅದನ್ನು ನೆನಪಿಸಿಕೊಳ್ಳಿ. ಎಷ್ಟು ಎತ್ತರದ ಏಣಿಯಾದರೂ ಹತ್ತುವವರಿಗೆ ಎರಡೇ ವಿಷಯ ಗೊತ್ತಿದ್ದರೆ ಸಾಕು. ಮೊದಲ ಮೆಟ್ಟಿಲಿಗೆ ಕಾಲು ಸಿಗಬೇಕು. ಯಾವುದೇ ಮೆಟ್ಟಿಲ ಮೇಲೆ ನಿಂತಿದ್ದರೂ ಅದರ ಮುಂದಿನದಕ್ಕೆ ಕಾಲು ಸಿಗಬೇಕು. ಗಣಿತದಲ್ಲಿ ಈ ವಿಧಾನಕ್ಕೆ ಗಣಿತೀಯ ಅನುಗಮನ ಎನ್ನುತ್ತಾರೆ. ಕ್ಲಾಸಿನಲ್ಲಿ ನಾವೆಲ್ಲ ಇಂಡಕ್ಷನ್ ಅಂತಲೇ ಹೇಳುವುದು.

ಈಗ ಸಾಧನೆ.

ಮೊದಲ ಮೆಟ್ಟಿಲು. n = 1 ಆದಾಗ ಎಡಭಾಗದಲ್ಲಿ ಇರುವುದು 1 ಮಾತ್ರ. ಬಲಭಾಗ 1² = 1. ಎರಡೂ ಸಮ. ಹೇಳಿಕೆ n = 1 ಕ್ಕೆ ಸರಿ.

ಮುಂದಿನ ಮೆಟ್ಟಿಲು. k ಎಂಬ ಯಾವುದೋ ಒಂದು ಸಂಖ್ಯೆಗೆ ಹೇಳಿಕೆ ಸರಿ ಎಂದು ಇಟ್ಟುಕೊಳ್ಳೋಣ. ಅಂದರೆ

1 + 3 + 5 + … + (2k − 1) = k²

ಈಗ k + 1 ಕ್ಕೂ ಅದು ಸರಿ ಎಂದು ತೋರಿಸಬೇಕು. 2k − 1 ಆದ ಮೇಲೆ ಬರುವ ಬೆಸ ಸಂಖ್ಯೆ 2k + 1. ಅದನ್ನು ಎರಡೂ ಕಡೆ ಕೂಡಿಸೋಣ.

1 + 3 + 5 + … + (2k − 1) + (2k + 1) = k² + 2k + 1

ಬಲಭಾಗವನ್ನು ನೋಡಿ. ಹೈಸ್ಕೂಲಿನಲ್ಲಿ ಕಲಿತ (a + b)² ಸೂತ್ರ ನೆನಪಿದೆಯಲ್ವಾ? k² + 2k + 1 ಎಂದರೆ (k + 1)². ಹಾಗಾಗಿ

1 + 3 + 5 + … + (2k + 1) = (k + 1)²

ನಮಗೆ ಬೇಕಾಗಿದ್ದು ಇದೇ. k ಗೆ ಸರಿಯಾದರೆ k + 1 ಕ್ಕೂ ಸರಿ. n = 1 ಕ್ಕೆ ಸರಿ ಎಂದು ಆಗಲೇ ನೋಡಿದ್ದೇವೆ. ಆದ್ದರಿಂದ 2 ಕ್ಕೆ ಸರಿ, ಆದ್ದರಿಂದ 3 ಕ್ಕೆ ಸರಿ, ಹೀಗೆ ಎಲ್ಲ n ಗೂ ಸರಿ. ಸಾಧನೆ ಮುಗಿಯಿತು.

k² + 2k + 1 ಎಂದು ಬರೆದಾಗ ಕಣದ ಕಡೆ ಒಮ್ಮೆ ಕಣ್ಣು ಹಾಯಿಸಿ. k² ಎಂದರೆ ಆಗಲೇ ಇಟ್ಟ ಚೌಕ. ಬಲಕ್ಕೆ k ಹಣ್ಣು, ಕೆಳಗೆ k ಹಣ್ಣು, ಅದೇ 2k. ಉಳಿದ 1 ಮೂಲೆಯದು. ನಿಮ್ಮ ಬೆರಳು ಮಾಡಿದ ಕೆಲಸವನ್ನೇ ಬೀಜಗಣಿತ ಬರೆದಿಟ್ಟಿದೆ. ಈ ಸಾಧನೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಮೂಲೆಯ ಹಣ್ಣು ಇಡುವುದನ್ನು ಮರೆತರೆ ಚೌಕದಲ್ಲಿ ಒಂದು ಕಡೆ ಕಚ್ಚಿದ ಹಾಗೆ ಕಾಣುತ್ತದೆ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಒಬ್ಬಳು ಹುಡುಗಿ ಎದ್ದು ನಿಂತಳು. "ಮಿಸ್, ಸಾಧಿಸಬೇಕಾಗಿದ್ದನ್ನೇ ಮೊದಲು ಸರಿ ಅಂತ ಇಟ್ಟುಕೊಂಡ್ವಲ್ಲ, ಅದು ಮೋಸ ಅಲ್ವಾ?" ಬಹಳ ಒಳ್ಳೆಯ ಪ್ರಶ್ನೆ. ಇಂಡಕ್ಷನ್ ಕಲಿಯುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ನಾವು ಎಲ್ಲ n ಗೂ ಸರಿ ಎಂದು ಇಟ್ಟುಕೊಳ್ಳಲಿಲ್ಲ. ಒಂದೇ ಒಂದು k ಗೆ ಇಟ್ಟುಕೊಂಡೆವು. ಅದೂ, "ಹಾಗಿದ್ದರೆ ಮುಂದೇನಾಗುತ್ತದೆ" ಎಂದು ನೋಡಲಿಕ್ಕೆ. "ನಾಳೆ ಬಿಸಿಲು ಬಂದರೆ ಕಾಫಿ ಹರಡ್ತೀವಿ" ಎನ್ನುವವರು ಬಿಸಿಲು ಬಂದೇ ಬರುತ್ತದೆ ಎನ್ನುತ್ತಿಲ್ಲವಲ್ಲ. ಬಂದರೆ ಏನು ಮಾಡುತ್ತೇವೆ ಎಂದಷ್ಟೇ ಹೇಳುತ್ತಿದ್ದಾರೆ. ಎರಡನೇ ಹಂತವೂ ಅಷ್ಟೇ. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಇರುವ ಸಂಬಂಧವನ್ನು ಮಾತ್ರ ಅದು ತೋರಿಸುತ್ತದೆ. ನಿಜವಾಗಿ ಹತ್ತಲು ಶುರು ಮಾಡಿಸುವುದು n = 1.

ಹಾಗಾಗಿ ಆ ಒಂದು ಸಾಲಿನ ಮೊದಲ ಹಂತವನ್ನು ಯಾವತ್ತೂ ಬಿಡಬೇಡಿ. ಬಿಟ್ಟರೆ ಏನಾಗುತ್ತದೆ ನೋಡಿ. ಯಾರೋ ಬಂದು ಮೊತ್ತ n² ಅಲ್ಲ, n² + 5 ಎನ್ನುತ್ತಾರೆ ಎಂದುಕೊಳ್ಳಿ. k ಗೆ ಅದು ಸರಿ ಎಂದು ಇಟ್ಟುಕೊಂಡು ಎರಡೂ ಕಡೆ 2k + 1 ಕೂಡಿಸಿದರೆ

k² + 5 + 2k + 1 = (k + 1)² + 5

ಎರಡನೇ ಹಂತ ಸಲೀಸಾಗಿ ದಾಟಿತು! ಆದರೆ n = 1 ಹಾಕಿದರೆ ಎಡಕ್ಕೆ 1, ಬಲಕ್ಕೆ 6. ಮೆಟ್ಟಿಲುಗಳೆಲ್ಲ ಚೆನ್ನಾಗಿವೆ, ಆದರೆ ಏಣಿಯ ಬುಡ ನೆಲಕ್ಕೆ ಮುಟ್ಟಿಲ್ಲ. ಕಣದಲ್ಲಿ ಕೂತು ಇದನ್ನು ಮಾಡಿದಾಗ ಆ ಹುಡುಗಿ ತಾನೇ ಹೇಳಿದಳು, "ಎರಡೂ ಬೇಕು ಮಿಸ್."

ಬೆಸ ಸಂಖ್ಯೆಗಳ ಈ ಮೊತ್ತಕ್ಕೂ ಇಂಡಕ್ಷನ್‌ಗೂ ಹಳೆಯ ನಂಟಿದೆ. ಸಿಸಿಲಿಯ ಮೆಸ್ಸಿನಾ ಊರಿನ ಮೌರೊಲಿಕೊ ಎಂಬ ಗಣಿತಜ್ಞ ಇದನ್ನು ಒಂದರಿಂದ ಮುಂದಿನದಕ್ಕೆ ದಾಟುವ ಇದೇ ರೀತಿಯಲ್ಲಿ ಸಾಧಿಸಿದ್ದ. ಅವನ ಬರಹ 1575 ರಲ್ಲಿ ಅಚ್ಚಾಯಿತು.

ಪರೀಕ್ಷೆಯಲ್ಲಿ ಹಣ್ಣಿನ ಕತೆ ಬರೆಯಬೇಕಿಲ್ಲ. n = 1 ರ ಸಾಲು, k ಗೆ ಸರಿ ಎಂದು ಇಟ್ಟುಕೊಂಡ ಸಾಲು, 2k + 1 ಕೂಡಿಸಿದ ಸಾಲು, ಕೊನೆಗೆ "ಆದ್ದರಿಂದ ಎಲ್ಲ n ಗೂ ಸರಿ" ಎಂಬ ಮಾತು. ಅಷ್ಟು ಸಾಕು.

ಮನೆಗೆಲಸ ಒಂದಿದೆ. ಈಗ ಸಮ ಸಂಖ್ಯೆಗಳನ್ನು ಕೂಡಿ:

2 + 4 + 6 + … + 2n = n(n + 1)

ಈ ಸಲ ಚೌಕ ಬರುವುದಿಲ್ಲ, ಸಾಲಿಗಿಂತ ಕಂಬ ಒಂದು ಜಾಸ್ತಿ ಇರುವ ಆಯತ ಬರುತ್ತದೆ. ಮೊದಲು ಎರಡು ಹಣ್ಣು ಪಕ್ಕಪಕ್ಕ ಇಡಿ. ಆಮೇಲೆ ನಾಲ್ಕನ್ನು ಎಲ್ಲೆಲ್ಲಿ ಇಟ್ಟರೆ 2 ಸಾಲು 3 ಕಂಬ ಆಗುತ್ತದೆ ಎಂದು ಕೈಯಲ್ಲೇ ಹುಡುಕಿ, ನಂತರ ಪೆನ್ನು ಹಿಡಿಯಿರಿ. ಮುಂದಿನ ಶನಿವಾರ ಬರುವಾಗ ಬರೆದು ತನ್ನಿ.